ಕಂಪನಿಯ ಅನ್ನ ಯಾರ ಕೈಯಲ್ಲಿದೆ?

2019ರ ಜನವರಿ. ಹೊಸ ವರ್ಷದ ಮೊದಲ ವಾರ. ಅವತ್ತು ನಮ್ಮ ಪರದೆಯ ಮೇಲೆ ಬೆಳಗ್ಗೆಯಿಂದ ರಾತ್ರಿಯವರೆಗೂ ಒಂದೇ ಬ್ರೇಕಿಂಗ್ ನ್ಯೂಸ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಸಂಬಳ ಕೊಡೋದಕ್ಕೂ ಕೈಯಲ್ಲಿ ದುಡ್ಡಿಲ್ಲ, ಬ್ಯಾಂಕಿನಿಂದ ಸುಮಾರು ಸಾವಿರ ಕೋಟಿ ಸಾಲ ತಂದಿದ್ದಾರೆ ಅಂತ. ದೇಶಕ್ಕೆ ಯುದ್ಧವಿಮಾನ ಕಟ್ಟಿಕೊಡುವ ಕಂಪನಿ ಸಂಬಳಕ್ಕಾಗಿ ಓವರ್‌ಡ್ರಾಫ್ಟ್ ತೆಗೀಬೇಕಾ? ರಾತ್ರಿ ಚರ್ಚೆಗೆ ಎರಡೂ ಪಕ್ಷದ ವಕ್ತಾರರನ್ನ ಕೂರಿಸಿದೆ. ಒಂದು ಗಂಟೆ ಕೂಗಾಟ ಆಯ್ತು. ಯಾರು ಯಾರಿಗೆ ಎಷ್ಟು ಅನ್ಯಾಯ ಮಾಡಿದರು ಅನ್ನೋದೆಲ್ಲ ಬಂತು. ಕಾರ್ಯಕ್ರಮ ಮುಗಿಯೋ ಹೊತ್ತಿಗೆ ಒಬ್ಬರು ಫೋನ್‌ನಲ್ಲಿ ಸಿಕ್ಕರು. ನಿವೃತ್ತ ನೌಕರರು. ಹಿಂದಿನ ಮಾರ್ಚ್‌ನಲ್ಲಿ ಎಚ್‌ಎಎಲ್ ಐಪಿಒ ಬಂದಾಗ ತಮ್ಮ ನಿವೃತ್ತಿ ಹಣದ ಒಂದು ಭಾಗವನ್ನ ಅದರಲ್ಲಿ ಹಾಕಿದ್ದರಂತೆ. ಷೇರು ಆಗ ಐಪಿಒ ಬೆಲೆಗಿಂತ ಎಷ್ಟೋ ಕೆಳಗಿತ್ತು. ಅವರು ಕೇಳಿದ್ದು ಇಷ್ಟೇ: "ಸರ್, ರಾಜಕೀಯ ಇರಲಿ. ಹಿಂಗಾಗಬಹುದು ಅಂತ ನಾನು ಷೇರು ತಗೊಳ್ಳೋ ಮೊದಲೇ ತಿಳ್ಕೊಳ್ಳೋಕೆ ಏನಾದ್ರೂ ದಾರಿ ಇತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕಂದ್ರೆ, ಆ ಒಂದು ಗಂಟೆಯಲ್ಲಿ ನಾನಾಗಲಿ, ನನ್ನ ಮುಂದೆ ಕೂತಿದ್ದವರಾಗಲಿ, ಆ ಕಂಪನಿಯ ಒಂದೇ ಒಂದು ಕಾಗದ ತೆರೆದು ನೋಡಿರಲಿಲ್ಲ. ಆಮೇಲೆ ನೋಡಿದೆ. ದಾರಿ ಇತ್ತು. ಐಪಿಒ ಸಮಯದಲ್ಲಿ ಕಂಪನಿ ಹೊರಡಿಸಿದ ದಾಖಲೆಯಲ್ಲೇ ಬರೆದಿತ್ತು: ನಮ್ಮ ವಹಿವಾಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬರೋದು ಭಾರತದ ರಕ್ಷಣಾ ಪಡೆಗಳಿಂದ, ಅವರ ಬಜೆಟ್‌ನಲ್ಲಿ ಏರುಪೇರಾದರೆ ನಮಗೆ ಪೆಟ್ಟು ಬೀಳುತ್ತೆ ಅಂತ. ಅಪಾಯಗಳ ಪಟ್ಟಿಯಲ್ಲಿ ಇದು ಸ್ಪಷ್ಟವಾಗೇ ಇತ್ತು. ನಾವು ಯಾರೂ ಓದಿರಲಿಲ್ಲ ಅಷ್ಟೇ.

ಅದಕ್ಕೇ ಇವತ್ತು ಈ ವಿಷಯ. ಒಂದು ಕಂಪನಿ ಯಾರನ್ನ ನಂಬಿಕೊಂಡು ಬದುಕಿದೆ? ಅದರ ಸರಕು ಕೊಳ್ಳೋ ದೊಡ್ಡ ಗಿರಾಕಿ ಯಾರು, ಅದಕ್ಕೆ ಸಾಮಾನು ಕೊಡೋ ದೊಡ್ಡ ಸಪ್ಲೈಯರ್ ಯಾರು? ಇದನ್ನ ಕಂಪನಿ ಎಲ್ಲಿ ಹೇಳುತ್ತೆ, ಎಷ್ಟು ಹೇಳುತ್ತೆ, ಯಾವುದನ್ನ ಹೇಳೋದಿಲ್ಲ?

ಹತ್ತು ಪರ್ಸೆಂಟ್‌ನ ಒಂದು ಸಾಲು

ನಮ್ಮ ದೇಶದ ದೊಡ್ಡ ಲಿಸ್ಟೆಡ್ ಕಂಪನಿಗಳು ಲೆಕ್ಕ ಬರೆಯೋದಕ್ಕೆ ಇಂಡ್ ಎಎಸ್ ಅನ್ನೋ ಲೆಕ್ಕಪತ್ರ ನಿಯಮಗಳಿವೆ. ಅದರಲ್ಲಿ 108ನೇ ನಿಯಮ ಹೀಗೆ ಹೇಳುತ್ತೆ: ಹೊರಗಿನ ಯಾವುದೇ ಒಬ್ಬ ಗಿರಾಕಿಯಿಂದ ಕಂಪನಿಯ ಒಟ್ಟು ಆದಾಯದ 10 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಆ ಸಂಗತಿಯನ್ನೂ ಎಷ್ಟು ಹಣ ಅನ್ನೋದನ್ನೂ ವಾರ್ಷಿಕ ವರದಿಯಲ್ಲಿ ಹೇಳಲೇಬೇಕು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಗಿರಾಕಿಯ ಹೆಸರು ಹೇಳಬೇಕಾಗಿಲ್ಲ. ಹಾಗಾಗಿ ಬಹಳಷ್ಟು ವರದಿಗಳಲ್ಲಿ ನಿಮಗೆ ಕಾಣೋದು "ಗಿರಾಕಿ ಎ", "ಗಿರಾಕಿ ಬಿ" ಅಂತ ಮಾತ್ರ.

ಇದನ್ನ ಹುಡುಕೋದು ಕಷ್ಟವೇನಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲೋ ಷೇರುಪೇಟೆಯ ವೆಬ್‌ಸೈಟ್‌ನಲ್ಲೋ ವಾರ್ಷಿಕ ವರದಿ ಸಿಗುತ್ತೆ. ಅದರ ಪಿಡಿಎಫ್‌ನಲ್ಲಿ `major customer` ಅಥವಾ `10%` ಅಂತ ಹುಡುಕಿ. ಸಿಗದಿದ್ದರೆ `single customer` ಅಂತ ಹಾಕಿ ನೋಡಿ. ಸೆಗ್ಮೆಂಟ್ ವಿವರ ಇರೋ ಟಿಪ್ಪಣಿಯ ಕೊನೆಯಲ್ಲಿ ಎರಡು ಮೂರು ಸಾಲಿನಲ್ಲಿ ಇರುತ್ತೆ. ಒಂದು ಎಚ್ಚರಿಕೆ: ವರದಿಯಲ್ಲಿ ಎರಡು ಲೆಕ್ಕ ಇರುತ್ತೆ. ಒಂದು ಬರೀ ಆ ಕಂಪನಿಯದು, ಇನ್ನೊಂದು ಅದರ ಮರಿ ಕಂಪನಿಗಳನ್ನೆಲ್ಲ ಸೇರಿಸಿದ್ದು. ನೋಡಬೇಕಾದ್ದು ಸೇರಿಸಿದ ಲೆಕ್ಕದಲ್ಲಿ. ಯಾಕಂದ್ರೆ ತಾಯಿ ಕಂಪನಿ ತನ್ನ ಮಗಳ ಕಂಪನಿಗೇ ಮಾರಿದ್ದೂ ಬರೀ ಅದರ ಲೆಕ್ಕದಲ್ಲಿ ಮಾರಾಟ ಅಂತಲೇ ಕಾಣುತ್ತೆ. ನಿಜವಾಗಿ ದುಡ್ಡು ಹೊರಗಿನಿಂದ ಯಾರಿಂದ ಬಂತು ಅನ್ನೋದು ಸೇರಿಸಿದ ಲೆಕ್ಕದಲ್ಲೇ ತಿಳಿಯೋದು.

ಈಗ ಆ ಎರಡು ಸಾಲನ್ನ ಓದೋದು ಹೇಗೆ? ಒಂದು ಕಂಪನಿ ಅಂದ್ಕೊಳ್ಳಿ, ಬರೀ ಉದಾಹರಣೆಗೆ. ಕಳೆದ ವರ್ಷ ಅದರ ವಹಿವಾಟು 700 ಕೋಟಿ. ಅದರಲ್ಲಿ ಗಿರಾಕಿ ಎ 140 ಕೋಟಿ, ಗಿರಾಕಿ ಬಿ 105 ಕೋಟಿ. ಈ ವರ್ಷ ವಹಿವಾಟು 800 ಕೋಟಿ. ಅದರಲ್ಲಿ ಗಿರಾಕಿ ಎ 240 ಕೋಟಿ. ಬೇರೆ ಯಾವ ಗಿರಾಕಿಯೂ 10 ಪರ್ಸೆಂಟ್ ಮುಟ್ಟಿಲ್ಲ ಅಂತ ಬರೆದಿದೆ.

ಕಂಪನಿಯ ಮುಖ್ಯಸ್ಥರು ಟಿವಿಗೆ ಬಂದು "ನಾವು ಶೇಕಡಾ 14ರಷ್ಟು ಬೆಳೆದಿದ್ದೀವಿ" ಅಂತಾರೆ. ಸುಳ್ಳಲ್ಲ. 700 ಇದ್ದದ್ದು 800 ಆಗಿದೆ. ಆದರೆ ನೀವು ಒಂದು ಕಾಗದದ ಮೇಲೆ ಕಳೆಯೋ ಲೆಕ್ಕ ಹಾಕಿ. ಕಳೆದ ವರ್ಷ ಎ ಬಿಟ್ಟು ಉಳಿದವರೆಲ್ಲ ಸೇರಿ ಕೊಟ್ಟಿದ್ದು 560 ಕೋಟಿ. ಈ ವರ್ಷವೂ ಎ ಬಿಟ್ಟು ಉಳಿದವರದ್ದು 560 ಕೋಟಿಯೇ. ಅಂದ್ರೆ ಕಂಪನಿ ಬೆಳೆದ ನೂರಕ್ಕೆ ನೂರು ಕೋಟಿಯೂ ಒಬ್ಬನೇ ಗಿರಾಕಿಯಿಂದ ಬಂದಿದ್ದು. ಉಳಿದ ವ್ಯಾಪಾರ ಒಂದು ರೂಪಾಯಿಯೂ ಬೆಳೆದಿಲ್ಲ. ಇನ್ನು ಬಿ ಎಲ್ಲಿ ಹೋದ? ಈ ವರ್ಷದ ಹತ್ತು ಪರ್ಸೆಂಟ್ ಅಂದ್ರೆ 80 ಕೋಟಿ. ಅವನು ಅದರ ಕೆಳಗೆ ಇಳಿದಿದ್ದಾನೆ. 105 ಕೋಟಿ ಕೊಳ್ಳುತ್ತಿದ್ದವನು ಕಡೇಪಕ್ಷ 25 ಕೋಟಿಯಷ್ಟು ಕಡಿಮೆ ಮಾಡಿದ್ದಾನೆ. ಪೂರ್ತಿ ಬಿಟ್ಟೇ ಹೋಗಿದ್ದರೂ ಆ ಟಿಪ್ಪಣಿ ನಿಮಗೆ ಹೇಳೋದಿಲ್ಲ. ಅದಕ್ಕೇ ಒಂದು ವರ್ಷದ ವರದಿ ಸಾಲದು. ಎರಡು ಮೂರು ವರ್ಷದ್ದನ್ನ ಪಕ್ಕಪಕ್ಕ ಇಟ್ಟು ನೋಡಬೇಕು. ಯಾರು ಹೊಸದಾಗಿ ಬಂದರು ಅನ್ನೋದಕ್ಕಿಂತ ಯಾರು ಕಾಣೆಯಾದರು ಅನ್ನೋದೇ ಹೆಚ್ಚು ಮಾತಾಡುತ್ತೆ.

ಇನ್ನೊಂದು ಕಡೆ ಮೋಸ ಹೋಗೋದಿದೆ. "ಯಾವ ಗಿರಾಕಿಯೂ 10 ಪರ್ಸೆಂಟ್ ಮೀರಿಲ್ಲ" ಅಂತ ಇದ್ದರೆ ನಿಶ್ಚಿಂತೆ ಅಂದ್ಕೊಳ್ತೀವಿ. ಆದರೆ ಒಂಬತ್ತೊಂಬತ್ತು ಪರ್ಸೆಂಟ್‌ನ ಐದು ಜನ ಇದ್ದರೆ? ಐವರ ಕೈಯಲ್ಲೇ 45 ಪರ್ಸೆಂಟ್ ವ್ಯಾಪಾರ ಇರುತ್ತೆ, ಟಿಪ್ಪಣಿಯಲ್ಲಿ ಒಬ್ಬರೂ ಇರೋದಿಲ್ಲ. ಆ ಐವರೂ ಒಂದೇ ಉದ್ಯಮದವರಾಗಿದ್ದರೆ, ಆ ಉದ್ಯಮಕ್ಕೆ ಶೀತ ಆದ ದಿನ ಇವರಿಗೂ ಸೀನು ಬರುತ್ತೆ. ಹಾಗಾಗಿ ಮೊದಲ ಐದು, ಮೊದಲ ಹತ್ತು ಗಿರಾಕಿಗಳ ಪಾಲು ಎಷ್ಟು ಅನ್ನೋದನ್ನೂ ಹುಡುಕಿ. ನಮ್ಮ ಐಟಿ ಕಂಪನಿಗಳಲ್ಲಿ ಬಹಳಷ್ಟು ಇದನ್ನ ಮೂರು ತಿಂಗಳಿಗೊಮ್ಮೆ ತಾವಾಗೇ ಕೊಡುತ್ತವೆ. ಐಪಿಒಗೆ ಬರೋ ಕಂಪನಿಗಳ ದಾಖಲೆಯಲ್ಲಿ ಅಪಾಯಗಳ ಅಧ್ಯಾಯದಲ್ಲಿ ಸಿಗುತ್ತೆ.

ದೊಡ್ಡ ಗಿರಾಕಿ ಮೂರು ಥರ ಕೈ ಕೊಡಬಹುದು

ಹಳ್ಳಿಯಲ್ಲಿ ಹತ್ತು ಲೀಟರ್ ಹಾಲು ಕರೆಯೋನು ಇದ್ದಾನೆ. ಹತ್ತೂ ಲೀಟರನ್ನ ಬಸ್‌ಸ್ಟ್ಯಾಂಡ್ ಹೋಟೆಲ್‌ಗೇ ಹಾಕ್ತಾನೆ. ಮನೆ ಮನೆ ತಿರುಗೋ ತಾಪತ್ರಯ ಇಲ್ಲ. ಆದರೆ ಹೋಟೆಲ್‌ನವನು ಒಂದು ದಿನ "ನಾಳೆಯಿಂದ ಪ್ಯಾಕೆಟ್ ಹಾಲು ತರಿಸ್ತೀನಿ" ಅನ್ನಬಹುದು. ಅಥವಾ "ಲೀಟರಿಗೆ ಎರಡು ರೂಪಾಯಿ ಕಡಿಮೆ ಮಾಡ್ಕೋ" ಅನ್ನಬಹುದು. ಅಥವಾ ಏನೂ ಅನ್ನದೆ, ತಿಂಗಳ ದುಡ್ಡನ್ನ "ಮುಂದಿನ ತಿಂಗಳು ನೋಡೋಣ" ಅಂತ ತಳ್ಳಬಹುದು. ದೊಡ್ಡ ಕಂಪನಿಗಳಿಗೂ ಇದೇ ಮೂರು ಕಷ್ಟ.

ಮೊದಲನೆಯದು, ಬಿಟ್ಟು ಹೋಗೋದು. ಇಂಗ್ಲೆಂಡಿನಲ್ಲಿ ಇಮ್ಯಾಜಿನೇಷನ್ ಟೆಕ್ನಾಲಜೀಸ್ ಅನ್ನೋ ಕಂಪನಿ ಇತ್ತು. ಐಫೋನ್‌ನ ಪರದೆ ಮೇಲೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ತಂತ್ರಜ್ಞಾನ ಇವರದ್ದು. ಆ್ಯಪಲ್ ಅದಕ್ಕೆ ರಾಯಧನ ಕೊಡುತ್ತಿತ್ತು. 2016ರ ಏಪ್ರಿಲ್‌ಗೆ ಮುಗಿದ ವರ್ಷದಲ್ಲಿ ಆ್ಯಪಲ್ ಕೊಟ್ಟಿದ್ದು 6 ಕೋಟಿ 7 ಲಕ್ಷ ಪೌಂಡ್. ಕಂಪನಿಯ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ. 2017ರ ಏಪ್ರಿಲ್ 3ರಂದು ಕಂಪನಿ ಒಂದು ಪ್ರಕಟಣೆ ಹೊರಡಿಸಿತು: ಇನ್ನು ಹದಿನೈದು ತಿಂಗಳಿಂದ ಎರಡು ವರ್ಷದೊಳಗೆ ನಿಮ್ಮ ತಂತ್ರಜ್ಞಾನ ಬಳಸೋದನ್ನ ನಿಲ್ಲಿಸ್ತೀವಿ ಅಂತ ಆ್ಯಪಲ್ ನಮಗೆ ತಿಳಿಸಿದೆ. ಅವತ್ತು ಒಂದೇ ದಿನ ಷೇರು ಬೆಲೆ 60 ಪರ್ಸೆಂಟ್‌ಗೂ ಹೆಚ್ಚು ಬಿತ್ತು. ಗಮನಿಸಿ, ಅವತ್ತು ಒಂದು ಪೌಂಡ್ ಆದಾಯವೂ ನಿಂತಿರಲಿಲ್ಲ. ಮುಂದೆ ನಿಲ್ಲುತ್ತೆ ಅನ್ನೋ ಸುದ್ದಿ ಅಷ್ಟೇ. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಕಂಪನಿಯನ್ನೇ ಮಾರೋ ಒಪ್ಪಂದ ಆಯ್ತು.

ಎರಡನೆಯದು, ದರ ಹಿಂಡೋದು. ಇದು ನಮ್ಮ ಬೆಂಗಳೂರಿನದ್ದೇ ಕಥೆ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಘಟಿಕೋತ್ಸವಪೂರ್ವ ಭಾಷಣದಲ್ಲಿ ಇದನ್ನ ಹೇಳಿದ್ದಾರೆ. 1995ರಲ್ಲಿ ಜಗತ್ತಿನ ದೈತ್ಯ ಕಂಪನಿಯೊಂದು ತನಗೆ ಸಾಫ್ಟ್‌ವೇರ್ ಮಾಡಿಕೊಡೋ ಭಾರತದ ಕಂಪನಿಗಳನ್ನೆಲ್ಲ ಬೆಂಗಳೂರಿನ ಒಂದು ಹೋಟೆಲ್‌ಗೆ ಕರೆಸಿ, ಒಬ್ಬೊಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿತಂತೆ. ಒಬ್ಬರಿಗೊಬ್ಬರು ಮಾತಾಡಬಾರದು ಅಂತ. ಆ ಗಿರಾಕಿಯಿಂದ ಇನ್ಫೋಸಿಸ್‌ಗೆ ಬರುತ್ತಿದ್ದದ್ದು ಆದಾಯದ 25 ಪರ್ಸೆಂಟ್. ಅವರ ಷರತ್ತುಗಳನ್ನ ಒಪ್ಪಿದರೆ ಕೆಲಸದ ಗುಣಮಟ್ಟ ಉಳಿಸಿಕೊಳ್ಳೋಕೆ ಆಗಲ್ಲ ಅಂತ ಇನ್ಫೋಸಿಸ್ ಬೇಡ ಅಂದಿತು. ಕಾಲು ಭಾಗ ವ್ಯಾಪಾರವನ್ನ ಬೇಡ ಅನ್ನೋದು ಸಣ್ಣ ಮಾತಲ್ಲ. ಆಮೇಲೆ ಯಾವ ಒಬ್ಬ ಗಿರಾಕಿಯ ಮೇಲೂ, ಯಾವ ಒಂದು ದೇಶದ ಮೇಲೂ ಅತಿಯಾಗಿ ಒರಗಬಾರದು ಅನ್ನೋದನ್ನ ಕಂಪನಿ ನೀತಿಯನ್ನಾಗಿ ಮಾಡಿಕೊಂಡಿತು. ನೀವು ವರದಿ ಓದೋವಾಗ ಇದರ ಗುರುತು ಹೀಗೆ ಹಿಡೀಬಹುದು: ದೊಡ್ಡ ಗಿರಾಕಿಯ ಪಾಲು ವರ್ಷದಿಂದ ವರ್ಷಕ್ಕೆ ಏರ್ತಾ ಇದೆ, ಆದರೆ ನೂರು ರೂಪಾಯಿ ಮಾರಾಟಕ್ಕೆ ಉಳಿಯೋ ಲಾಭ ಇಳೀತಾ ಇದೆ. ಹಂಗಿದ್ದರೆ ದರ ಯಾರು ನಿರ್ಧರಿಸ್ತಾ ಇದ್ದಾರೆ ಅಂತ ಕೇಳಲೇಬೇಕು.

ಮೂರನೆಯದು, ದುಡ್ಡು ತಡ ಮಾಡೋದು. ಎಚ್‌ಎಎಲ್‌ಗೆ ಆಗಿದ್ದು ಇದೇ.

ಬಿಟ್ಟು ಹೋಗದ ಗಿರಾಕಿ, ಬಾರದ ಬಾಕಿ

ಎಚ್‌ಎಎಲ್‌ನ ಗಿರಾಕಿ ಬಿಟ್ಟು ಹೋಗುವವನಲ್ಲ. ಭಾರತ ಸರ್ಕಾರ ಅದು. ಹಣ ಮುಳುಗಿಸೋ ಪ್ರಶ್ನೆಯೂ ಇಲ್ಲ. ಜೊತೆಗೆ ಅದೇ ಸರ್ಕಾರ ಕಂಪನಿಯ ದೊಡ್ಡ ಮಾಲೀಕ ಕೂಡ. ಇಂಥ ಗಿರಾಕಿ ಸಿಕ್ಕರೆ ಇನ್ನೇನು ಬೇಕು ಅನ್ನಿಸುತ್ತೆ.

ಆದರೆ ಲೆಕ್ಕ ನೋಡಿ. 2017-18ರಲ್ಲಿ ಕಂಪನಿಯ ವಹಿವಾಟು 18 ಸಾವಿರ ಕೋಟಿಗೂ ಸ್ವಲ್ಪ ಹೆಚ್ಚು. 2018ರ ಡಿಸೆಂಬರ್ ಕೊನೆಗೆ ರಕ್ಷಣಾ ಪಡೆಗಳಿಂದ ಬರಬೇಕಿದ್ದ ಬಾಕಿ 15,700 ಕೋಟಿ. ಅದರಲ್ಲಿ ಬಹುಪಾಲು ವಾಯುಪಡೆಯದ್ದು. ಈಗ ಬಾಕಿಯನ್ನ ವಹಿವಾಟಿನಿಂದ ಭಾಗಿಸಿ, ಹನ್ನೆರಡರಿಂದ ಗುಣಿಸಿ. ಹತ್ತು ತಿಂಗಳಿಗಿಂತ ಹೆಚ್ಚು ಬರುತ್ತೆ. ಅಂದಾಜು ಲೆಕ್ಕವೇ ಇದು, ಆದರೆ ಅರ್ಥ ಸ್ಪಷ್ಟ: ಕಂಪನಿ ಹತ್ತು ತಿಂಗಳು ದುಡಿದದ್ದೆಲ್ಲ ಗಿರಾಕಿಯ ಉದ್ರಿ ಪುಸ್ತಕದಲ್ಲಿ ಕೂತಿತ್ತು. ಲಾಭ ನಷ್ಟದ ಪಟ್ಟಿಯಲ್ಲಿ ಮಾರಾಟ ಬರೆದಾಗಿದೆ, ಲಾಭ ಕಾಣ್ತಾ ಇದೆ. ಸಂಬಳದ ದಿನ ಮಾತ್ರ ಪೆಟ್ಟಿಗೆ ಖಾಲಿ. ಲಾಭ ಇದ್ದೂ ಸಾಲ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಇಷ್ಟು ಸರಳ. ನಾವು ಅವತ್ತು ರಾತ್ರಿ ಒಂದು ಗಂಟೆ ಕೂಗಾಡಿದರೂ ಇದನ್ನ ಹೇಳಲಿಲ್ಲ.

ಇದನ್ನ ನೀವು ಯಾವ ಕಂಪನಿಯಲ್ಲಾದರೂ ಮೊದಲೇ ಹಿಡಿಯಬಹುದು. ವಾರ್ಷಿಕ ವರದಿಯಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿಗೆ ಬೇರೆಯೇ ಟಿಪ್ಪಣಿ ಇರುತ್ತೆ. `trade receivables` ಅಂತ ಹುಡುಕಿ. ಅಲ್ಲಿ ಬಾಕಿಗೆ ವಯಸ್ಸಿನ ಪಟ್ಟಿಯೂ ಇರುತ್ತೆ: ಆರು ತಿಂಗಳೊಳಗಿನದ್ದು ಎಷ್ಟು, ವರ್ಷ ದಾಟಿದ್ದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು. 2021ರ ನಂತರ ಇದನ್ನ ಕೊಡೋದು ಕಡ್ಡಾಯವಾಗಿದೆ. ಹಾಗೇ `concentration` ಅಂತ ಹುಡುಕಿ ನೋಡಿ. ಬಾಕಿಯಲ್ಲಿ ಒಬ್ಬ ಗಿರಾಕಿಯದ್ದೇ ದೊಡ್ಡ ಪಾಲು ಇದ್ದರೆ ಕೆಲವು ಕಂಪನಿಗಳು ಅಲ್ಲಿ ಹೇಳಿರುತ್ತವೆ. ಮೇಲೆ ಹೇಳಿದ 800 ಕೋಟಿ ಕಂಪನಿಗೇ ಬನ್ನಿ. ಗಿರಾಕಿ ಎ ಮಾರಾಟದಲ್ಲಿ 30 ಪರ್ಸೆಂಟ್. ಒಟ್ಟು ಬಾಕಿ 200 ಕೋಟಿ, ಅದರಲ್ಲಿ ಎ ಕೊಡಬೇಕಾದ್ದು 90 ಕೋಟಿ ಅಂದ್ಕೊಳ್ಳಿ. ಅಂದ್ರೆ 45 ಪರ್ಸೆಂಟ್. ಮಾರಾಟದಲ್ಲಿ ಮೂವತ್ತು, ಬಾಕಿಯಲ್ಲಿ ನಲವತ್ತೈದು. ಒಂದೋ ಅವನು ಬೇರೆಯವರಿಗಿಂತ ತಡವಾಗಿ ಕೊಡ್ತಾ ಇದ್ದಾನೆ, ಇಲ್ಲಾ ವರ್ಷದ ಕೊನೆಯಲ್ಲಿ ಅವನಿಗೆ ತರಾತುರಿಯಲ್ಲಿ ಸರಕು ತಳ್ಳಿ ಮಾರಾಟ ತೋರಿಸಿದ್ದಾರೆ. ಎರಡರಲ್ಲಿ ಯಾವುದು ಅನ್ನೋದು ಮುಂದಿನ ಮೂರು ತಿಂಗಳ ಲೆಕ್ಕ ಬಂದಾಗ ಗೊತ್ತಾಗುತ್ತೆ. ಮಾರಾಟ ದಿಢೀರ್ ಇಳಿದರೆ ಎರಡನೆಯದು.

ಎಚ್‌ಎಎಲ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದನ್ನ ಹೇಳಲೇಬೇಕು. ನಾನು ಆ ಹತ್ತು ಪರ್ಸೆಂಟ್ ಟಿಪ್ಪಣಿಯನ್ನ ಹುಡುಕಿದೆ. ಇರಲಿಲ್ಲ. ತಪ್ಪಿಸಿ ಇಟ್ಟಿದ್ದಾರಾ ಅಂತ ಅನುಮಾನ ಬಂತು. ಇಲ್ಲ. 2018ರ ಫೆಬ್ರವರಿ 23ರ ಅಧಿಸೂಚನೆಯಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ರಕ್ಷಣಾ ಉತ್ಪಾದನೆಯಲ್ಲಿರೋ ಕಂಪನಿಗಳಿಗೆ ಸೆಗ್ಮೆಂಟ್ ವಿವರ ಕೊಡೋದರಿಂದ ವಿನಾಯಿತಿ ಕೊಟ್ಟಿದೆ. ಯಾವ ಪಡೆಗೆ ಏನು ಎಷ್ಟು ಹೋಯ್ತು ಅನ್ನೋದು ಬಹಿರಂಗ ಆಗಬಾರದಲ್ಲ. ಹಾಗಾಗಿ ಟಿಪ್ಪಣಿ ಇಲ್ಲ ಅಂದ ಮಾತ್ರಕ್ಕೆ ದೊಡ್ಡ ಗಿರಾಕಿ ಇಲ್ಲ ಅಂತ ಅರ್ಥ ಅಲ್ಲ. ಒಂದು ಬಾಗಿಲು ಮುಚ್ಚಿದ್ದರೆ ಐಪಿಒ ದಾಖಲೆ, ಬಾಕಿಯ ಟಿಪ್ಪಣಿ, ಆಡಳಿತ ಮಂಡಳಿಯ ವರದಿ, ಹೀಗೆ ಬೇರೆ ಬಾಗಿಲು ತಟ್ಟಬೇಕು.

ಸಾಮಾನು ಕೊಡುವವನು ಕೈ ಎತ್ತಿದರೆ

ಇಲ್ಲಿವರೆಗೆ ಕೊಳ್ಳುವವರ ಮಾತಾಯ್ತು. ಕೊಡುವವರ ವಿಷಯ ಇನ್ನೂ ಕಷ್ಟ. ಯಾಕಂದ್ರೆ ಗಿರಾಕಿಗಳಿಗೆ ಇರೋ ಹಾಗೆ ಸಪ್ಲೈಯರ್‌ಗಳಿಗೆ ಹತ್ತು ಪರ್ಸೆಂಟ್ ನಿಯಮ ನಮ್ಮ ಲೆಕ್ಕಪತ್ರ ನಿಯಮಗಳಲ್ಲಿ ಇಲ್ಲ. ಕಂಪನಿ ಒಬ್ಬನೇ ಸಪ್ಲೈಯರ್‌ನಿಂದ ಎಂಬತ್ತು ಪರ್ಸೆಂಟ್ ಸಾಮಾನು ತರಿಸ್ತಾ ಇದ್ದರೂ ಲೆಕ್ಕದ ಟಿಪ್ಪಣಿಯಲ್ಲಿ ಅದು ಕಾಣಬೇಕೆಂದೇನಿಲ್ಲ. ದೊಡ್ಡ ಲಿಸ್ಟೆಡ್ ಕಂಪನಿಗಳು ಈಗ ಜವಾಬ್ದಾರಿ ಮತ್ತು ಸುಸ್ಥಿರತೆಯ ವರದಿ ಕೊಡುತ್ತವೆ, ಬಿಆರ್‌ಎಸ್‌ಆರ್ ಅಂತಾರೆ. ಅದರಲ್ಲಿ ಖರೀದಿಯಲ್ಲಿ ವ್ಯಾಪಾರಿ ಸಂಸ್ಥೆಗಳ ಪಾಲೆಷ್ಟು, ಸಂಬಂಧಪಟ್ಟ ಕಂಪನಿಗಳಿಂದ ಕೊಂಡದ್ದು ಎಷ್ಟು ಅನ್ನೋ ಅಂಕಿಗಳು ಬರುತ್ತವೆ. ಉಪಯುಕ್ತವೇ. ಆದರೆ ಒಂದು ಕಾರ್ಖಾನೆಯಿಂದ ನೇರವಾಗಿ ತರಿಸೋ ಒಂದೇ ಒಂದು ಬಿಡಿಭಾಗದ ಮೇಲೆ ಇಡೀ ಕಂಪನಿ ನಿಂತಿದ್ದರೆ ಅದು ಅಲ್ಲೂ ಸಿಕ್ಕಿಬೀಳೋದಿಲ್ಲ.

ಇಲ್ಲಿ ಪರ್ಸೆಂಟ್ ಲೆಕ್ಕವೇ ದಾರಿ ತಪ್ಪಿಸುತ್ತೆ. ಅದಕ್ಕೂ ಎಚ್‌ಎಎಲ್‌ನದ್ದೇ ಉದಾಹರಣೆ ನೋಡಿ.

2021ರ ಫೆಬ್ರವರಿಯಲ್ಲಿ, ಯಲಹಂಕದ ಏರೋ ಇಂಡಿಯಾದಲ್ಲಿ, ವಾಯುಪಡೆಗೆ 83 ತೇಜಸ್ ಮಾರ್ಕ್ 1ಎ ವಿಮಾನ ಕೊಡೋ ಒಪ್ಪಂದ ಆಯ್ತು. ಸುಮಾರು 48 ಸಾವಿರ ಕೋಟಿ. ಈ ವಿಮಾನಕ್ಕೆ ಇರೋದು ಒಂದೇ ಎಂಜಿನ್, ಅಮೆರಿಕದ ಜಿಇ ಕಂಪನಿಯ ಎಫ್404. ಅದೇ ವರ್ಷ ಆಗಸ್ಟ್‌ನಲ್ಲಿ 99 ಎಂಜಿನ್‌ಗೆ ಎಚ್‌ಎಎಲ್ ಆರ್ಡರ್ ಕೊಟ್ಟಿತು. ಬೆಲೆ 5,375 ಕೋಟಿ. ವಿಮಾನದ ಒಪ್ಪಂದದ ಮುಂದೆ ಇದನ್ನ ಇಟ್ಟರೆ ಹನ್ನೊಂದು ಪರ್ಸೆಂಟ್ ಅಷ್ಟೇ. ಲೆಕ್ಕದಲ್ಲಿ ಸಣ್ಣದು. ಆದರೆ ಎಂಜಿನ್ ಇಲ್ಲದ ವಿಮಾನವನ್ನ ಯಾರಿಗೆ ಕೊಡ್ತೀರಿ? ಹನ್ನೊಂದು ಪರ್ಸೆಂಟ್ ಬಾರದಿದ್ದರೆ ನೂರು ಪರ್ಸೆಂಟ್ ನಿಲ್ಲುತ್ತೆ.

ನಿಂತಿತು ಕೂಡ. ಮೊದಲ ವಿಮಾನ 2024ರ ಮಾರ್ಚ್ ಹೊತ್ತಿಗೆ ವಾಯುಪಡೆಗೆ ಸೇರಬೇಕಿತ್ತು. ಆ ತಿಂಗಳು ಬೆಂಗಳೂರಿನಲ್ಲಿ ಮೊದಲ ಹಾರಾಟ ಏನೋ ಆಯ್ತು, ಆದರೆ ಹೊಸ ಎಂಜಿನ್ ಬಂದಿರಲಿಲ್ಲ. ಆ ಆರ್ಡರ್‌ನ ಮೊದಲ ಎಂಜಿನ್ ಜಿಇ ಕೈಯಿಂದ ಹೊರಟಿದ್ದು 2025ರ ಮಾರ್ಚ್ 25ಕ್ಕೆ. ಅದಕ್ಕೂ ಒಂದು ತಿಂಗಳ ಹಿಂದೆ ಏರೋ ಇಂಡಿಯಾದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಎಚ್‌ಎಎಲ್ ಅಧಿಕಾರಿಗಳ ಮುಂದೆಯೇ ತಮ್ಮ ಬೇಸರ ತೋಡಿಕೊಂಡದ್ದನ್ನ ನೀವೂ ಟಿವಿಯಲ್ಲಿ ನೋಡಿದ್ದೀರಿ. ತಡಕ್ಕೆ ಎಂಜಿನ್ ಒಂದೇ ಕಾರಣ ಅಲ್ಲ, ವಿಮಾನದ ಪರೀಕ್ಷೆ ಪ್ರಮಾಣೀಕರಣದ ಕೆಲಸವೂ ಬಾಕಿ ಇತ್ತು. ಆದರೆ ಅದೆಲ್ಲ ಮುಗಿದಿದ್ದರೂ ಎಂಜಿನ್ ಇಲ್ಲದೆ ವಿಮಾನ ಕೊಡೋಕಾಗ್ತಿರಲಿಲ್ಲ.

ಎಂಜಿನ್ ಯಾಕೆ ತಡವಾಯ್ತು? ಇದು ಎಲ್ಲಕ್ಕಿಂತ ದೊಡ್ಡ ಪಾಠ. ತೇಜಸ್‌ಗೆ ಬೇಕಾದ ಈ ಮಾದರಿಯ 65 ಎಂಜಿನ್‌ಗಳನ್ನ ಜಿಇ 2016ಕ್ಕೆ ಕೊಟ್ಟು ಮುಗಿಸಿತ್ತು. ಮುಂದಿನ ಆರ್ಡರ್ ಬರಲಿಲ್ಲ. ಹಾಗಾಗಿ ಆ ಮಾದರಿಯ ಉತ್ಪಾದನಾ ಸಾಲನ್ನೇ ನಿಲ್ಲಿಸಿಬಿಟ್ಟಿತು. ಐದು ವರ್ಷ ಬಿಟ್ಟು ನಾವು ಹೋಗಿ 99 ಬೇಕು ಅಂದಾಗ, ಸಾಲನ್ನ ಮತ್ತೆ ಕಟ್ಟಬೇಕು, ಜಿಇಗೆ ಬಿಡಿಭಾಗ ಕೊಡೋ ಸಣ್ಣ ಸಣ್ಣ ಕಂಪನಿಗಳನ್ನ ಮತ್ತೆ ಎಬ್ಬಿಸಬೇಕು. ಅಂದ್ರೆ ಎಚ್‌ಎಎಲ್ ಜಿಇಯನ್ನ ನಂಬಿತ್ತು. ಜಿಇ ತನ್ನ ಕೆಳಗಿನ ಸಪ್ಲೈಯರ್‌ಗಳನ್ನ ನಂಬಿತ್ತು. ಈ ಮಾದರಿಗೆ ಸಾಲು ಚಾಲೂ ಇರಬೇಕಂದ್ರೆ ಅವರೆಲ್ಲ ಮತ್ತೆ ನಮ್ಮ ಆರ್ಡರ್‌ಅನ್ನೇ ನಂಬಿದ್ದರು. ಅವಲಂಬನೆ ಒಂದೇ ದಿಕ್ಕಿನದ್ದಲ್ಲ.

ಹಂಗಾದ್ರೆ ಸಪ್ಲೈಯರ್ ವಿಷಯದಲ್ಲಿ ನಾವು ಏನನ್ನ ನೋಡಬೇಕು? ಎಷ್ಟು ಪರ್ಸೆಂಟ್ ಅನ್ನೋದಕ್ಕಿಂತ, ಇದು ಇಲ್ಲದಿದ್ದರೆ ಕೆಲಸ ನಿಲ್ಲುತ್ತಾ, ಬೇರೆ ಕಡೆ ಸಿಗೋಕೆ ಎಷ್ಟು ಸಮಯ ಬೇಕು, ಈ ಎರಡು ಪ್ರಶ್ನೆ ಕೇಳಿ. ಉತ್ತರದ ಸುಳಿವು ಮೂರು ಕಡೆ ಸಿಗುತ್ತೆ. ಒಂದು, ಐಪಿಒ ದಾಖಲೆ ಅಥವಾ ವಾರ್ಷಿಕ ವರದಿಯ ಅಪಾಯಗಳ ಭಾಗ. ಅಲ್ಲಿ `single source` ಅಥವಾ `sole supplier` ಅಂತ ಹುಡುಕಿ. ಎರಡು, ನಿರ್ದೇಶಕರ ವರದಿ. ಆ ವರ್ಷ ಎಷ್ಟು ವಿದೇಶಿ ಹಣ ಹೊರಗೆ ಹೋಯ್ತು ಅಂತ ಸಾಮಾನ್ಯವಾಗಿ ಅಲ್ಲಿ ಹೇಳಬೇಕು. ದೇಶದೊಳಗೇ ಮಾರೋ ಕಂಪನಿಯಿಂದ ರಾಶಿ ರಾಶಿ ವಿದೇಶಿ ಹಣ ಹೊರಗೆ ಹೋಗ್ತಾ ಇದ್ದರೆ, ಯಾವುದೋ ಹೊರಗಿನ ಕೈ ಮೇಲೆ ಅದು ನಿಂತಿದೆ ಅಂತಲೇ ಅರ್ಥ. ಮೂರು, ದಾಸ್ತಾನಿನ ಟಿಪ್ಪಣಿ. `work-in-progress`, ಅಂದ್ರೆ ಅರ್ಧ ಮುಗಿದ ಸರಕು, ಮಾರಾಟಕ್ಕಿಂತ ಜೋರಾಗಿ ಏರ್ತಾ ಇದ್ದರೆ ಏನೋ ಒಂದು ಭಾಗಕ್ಕಾಗಿ ಎಲ್ಲ ಕಾಯ್ತಾ ಕೂತಿದೆ ಅಂತ ಅನುಮಾನ ಪಡಬಹುದು. ಗೋಡೆ ಎದ್ದಿದೆ, ಬಾಗಿಲು ಕಿಟಕಿ ಬಂದಿಲ್ಲ, ಗೃಹಪ್ರವೇಶ ಮುಂದಕ್ಕೆ ಹೋಗಿದೆ ಅಂದ ಹಾಗೆ.

ಆ ನಿವೃತ್ತರಿಗೆ ನನ್ನ ಉತ್ತರ

ಇಷ್ಟೆಲ್ಲ ಕೇಳಿ, "ಹಂಗಾದ್ರೆ ಒಬ್ಬ ಗಿರಾಕಿಯನ್ನ ನಂಬಿದ ಕಂಪನಿ ಬೇಡವೇ ಬೇಡ" ಅನ್ನೋ ತೀರ್ಮಾನಕ್ಕೆ ಬರಬೇಡಿ. ಎಚ್‌ಎಎಲ್‌ಗೆ ಆ ಬಾಕಿ ಮುಂದಿನ ಎರಡು ಮೂರು ವರ್ಷದಲ್ಲಿ ಬಂತು. ಸಾಲ ತೀರಿತು. ಷೇರು ಆ ಮೇಲೆ ಐಪಿಒ ಬೆಲೆಯ ಎಷ್ಟೋ ಪಟ್ಟು ಏರಿತು. 2019ರ ಜನವರಿಯಲ್ಲಿ ಹೆದರಿ ಮಾರಿದವರಿಗೆ ಅದರಲ್ಲಿ ಪಾಲು ಸಿಗಲಿಲ್ಲ. ಗಿರಾಕಿ ಒಬ್ಬನೇ ಅನ್ನೋದು ಎರಡೂ ಸಲ ನಿಜವಾಗಿತ್ತು, ಬೆಲೆ ಬಿದ್ದಾಗಲೂ, ಏರಿದಾಗಲೂ. ಹಾಗಾಗಿ ಈ ಟಿಪ್ಪಣಿಗಳು ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳೋದಿಲ್ಲ. ಯಾವ ಸುದ್ದಿಗೆ ಕಿವಿ ಕೊಡಬೇಕು ಅಂತ ಹೇಳುತ್ತವೆ.

ಇಮ್ಯಾಜಿನೇಷನ್ ಷೇರು ಇಟ್ಟುಕೊಂಡವರು ನೋಡಬೇಕಿದ್ದದ್ದು ಆ ಕಂಪನಿಯ ಲಾಭವನ್ನಲ್ಲ, ಆ್ಯಪಲ್ ತನ್ನದೇ ಗ್ರಾಫಿಕ್ಸ್ ಮಾಡ್ತಾ ಇದೆಯಾ ಅನ್ನೋದನ್ನ. ಎಚ್‌ಎಎಲ್ ಷೇರು ಇಟ್ಟುಕೊಂಡವರು ಫೆಬ್ರವರಿಯ ಬಜೆಟ್ ದಿನ ಆದಾಯ ತೆರಿಗೆ ಸಾಲಿನ ಜೊತೆಗೆ ರಕ್ಷಣಾ ಇಲಾಖೆಯ ಬಂಡವಾಳ ವೆಚ್ಚದ ಸಾಲನ್ನೂ ನೋಡಬೇಕು, ಎಂಜಿನ್ ಎಷ್ಟು ಬಂತು ಅಂತ ಎಣಿಸಬೇಕು. ಆ ಸುದ್ದಿ ಕಂಪನಿಯ ಮೂರು ತಿಂಗಳ ಲೆಕ್ಕಕ್ಕೆ ಬರೋ ಹೊತ್ತಿಗೆ ತಡವಾಗಿರುತ್ತೆ.

ಅವತ್ತು ಫೋನ್ ಮಾಡಿದ ಹಿರಿಯರೇ, ನೀವು ಈಗಲೂ ನಮ್ಮ ಕಾರ್ಯಕ್ರಮ ನೋಡ್ತಾ ಇದ್ದರೆ, ತಡವಾಗಿ ಆದರೂ ಉತ್ತರ ಇದು. ದಾರಿ ಇತ್ತು ಸರ್. ಐಪಿಒ ದಾಖಲೆಯ ಅಪಾಯಗಳ ಅಧ್ಯಾಯದಲ್ಲೇ ಇತ್ತು. ನಿಮಗೆ ಅದನ್ನ ಓದಿ ಹೇಳಬೇಕಾಗಿದ್ದವರು ನಾವು. ಅವತ್ತು ನಾವು ಓದಿರಲಿಲ್ಲ.